ಬಾಗಿಲಿಗೆ ಬಂದು ಕರೆಯುವುದು

ಅಕ್ಟೋಬರ್ ಮುಗಿಯುತ್ತಾ ಬಂತೆಂದರೆ ನನ್ನ ಅಂಗಡಿಯಲ್ಲಿ ಹಳದಿ ಹಾಳೆ, ಕೆಂಪು ಹಾಳೆ ನಿಲ್ಲುವುದಿಲ್ಲ. ಮೊನ್ನೆ ಹೊಸ ಕಟ್ಟು ಬಿಚ್ಚಿದಾಗ ಆ ಬಣ್ಣದ ಕಾಗದದ ವಾಸನೆ ಮೂಗಿಗೆ ಬಡಿಯಿತು. ಅದೇ ಹೊತ್ತಿಗೆ ಫೋನು ಕೂಗಿತು. ನಮ್ಮ ಓಣಿಯ ವಾಟ್ಸಾಪ್ ಗುಂಪಿನಲ್ಲಿ ಶಾಂತಕ್ಕ ಹಾಕಿದ್ದರು: ‘ಈ ಸಲದ ರಾಜ್ಯೋತ್ಸವದ ವಿನಂತಿ ಪತ್ರ ನೀವೇ ಬರೀಬೇಕು ಅಣ್ಣ. ನಿಮ್ಮಂಗೆ ಬರಿಯೋರು ಯಾರವ್ರೆ?’ ಕೆಳಗೆ ನಾಲ್ಕಾರು ಮಂದಿ ಕೈ ಮುಗಿದಿದ್ದರು. ಹೊಗಳಿದರೆ ನಾನು ಉಬ್ಬುವವನೇ, ಸುಳ್ಳು ಯಾಕೆ ಹೇಳಲಿ. ಆದರೆ ಆವತ್ತು ಅದೇ ಹಾಳೆಗಳನ್ನು ಮತ್ತೆ ಮತ್ತೆ ಎಣಿಸುತ್ತಾ ಕೂತೆ. ಗಿರಾಕಿಯೊಬ್ಬ ಆಧಾರ್ ಕಾರ್ಡ್ ಚಾಚಿಕೊಂಡು ‘ಎರಡೂ ಕಡೆ ಬರಬೇಕು ರೀ’ ಎಂದು ಹೇಳುತ್ತಲೇ ಇದ್ದ. ನನಗೆ ಕೇಳಿಸಿದ್ದು ತಡವಾಗಿ.

ನನ್ನ ಪರಿಚಯ ಹೇಳಿಬಿಡುತ್ತೇನೆ. ಗೋವಿನಕೋವಿಯಲ್ಲಿ ಹುಟ್ಟಿ, ನ್ಯಾಮತಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟವನು. ದಿನವಿಡೀ ಕಂಡವರ ಅರ್ಜಿ, ಪಹಣಿ, ಮದುವೆ ಕರೆಯೋಲೆ ಕಣ್ಣ ಮುಂದೆ ಹಾದು ಹೋಗುತ್ತವೆ. ಹಾಗೆ ಓದಿ ಓದಿ ನನಗೂ ಬರೆಯಲು ಬರುತ್ತದೆ ಎಂಬ ಭ್ರಮೆ ಹತ್ತಿದೆ. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತಂತೆ, ಆ ಲೆಕ್ಕ. ನಮ್ಮ ಓಣಿ ಊರಿನ ಹೊಸ ಬಡಾವಣೆಯಲ್ಲಿದೆ. ಇಲ್ಲಿ ಮೂಲದವರು ಅಂತ ಯಾರೂ ಇಲ್ಲ. ಅಡಿಕೆ ವ್ಯಾಪಾರದ ಶಾಂತಕ್ಕನ ಮನೆಯವರು ಚನ್ನಗಿರಿ ಕಡೆಯಿಂದ ಬಂದವರು, ಪಕ್ಕದ ರುದ್ರಪ್ಪಜ್ಜ ಸವಳಂಗದವರು, ನನ್ನ ಹೆಂಡತಿ ಪುಷ್ಪ ಹೊನ್ನಾಳಿಯವಳು. ಆಗ ಮೂಲೆ ಮನೆಯಲ್ಲಿದ್ದ ಗಿರಿಜಕ್ಕ ಮಾತ್ರ ದೂರದವರು, ಜಗಳೂರು ತಾಲೂಕಿನ ಸೊಕ್ಕೆ ಅವರ ತವರು. ಪ್ರೈಮರಿ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ನಿವೃತ್ತರಾದವರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮನೆಯಲ್ಲಿ ಅವರು, ಅವರದೊಂದು ಹಾರ್ಮೋನಿಯಂ.

ಮೊದಲೆಲ್ಲ ರಾಜ್ಯೋತ್ಸವ ಎಂದರೆ ನಮಗೆ ಬೆಳಿಗ್ಗೆ ಶಾಲೆಯಲ್ಲಿ ಬಾವುಟ ಹಾರಿಸಿ ಮಕ್ಕಳು ಪೆಪ್ಪರಮೆಂಟು ತಿಂದುಕೊಂಡು ಬರುವುದಷ್ಟೇ. ಓಣಿಯಲ್ಲಿ ಗಣಪತಿ ಕೂರಿಸುತ್ತಿದ್ದೆವು, ಕನ್ನಡಕ್ಕೆ ಅಂತ ಏನೂ ಇರಲಿಲ್ಲ. ಇದನ್ನು ಶುರು ಮಾಡಿದ್ದು ಗಿರಿಜಕ್ಕ. ಮಕ್ಕಳು ಸ್ಟೇಜಿನ ಮೇಲೆ ಕುಣಿಯೋದು, ದೊಡ್ಡೋರು ಫೋನಿನಾಗೆ ಫೋಟೋ ಹಿಡಿಯೋದು, ಅದು ಬ್ಯಾಡ ಅಂದರು. ‘ಮೂರು ವರ್ಷದ ಕೂಸಿಂದ ಹಿಡಿದು ರುದ್ರಪ್ಪಜ್ಜನ ತನಕ ಎಲ್ರೂ ಹಾಡಬೇಕು. ಕೇಳೋರು ಬ್ಯಾರೆ, ಹಾಡೋರು ಬ್ಯಾರೆ ಆಗಬಾರದು’ ಅಂದರು. ನಾವು ನಕ್ಕೆವು. ರುದ್ರಪ್ಪಜ್ಜ ಭಜನೆಯಲ್ಲಿ ಬಾಯಿ ತೆಗೆದರೆ ಮುಂದಿನ ಬೀದಿಯ ನಾಯಿಗಳು ಏಳುತ್ತಿದ್ದವು.

ಆ ಹಾಡಿನ ಕಾರ್ಯಕ್ರಮಕ್ಕೆ ವಿನಂತಿ ಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಬಿಡುತ್ತೇನೆಯೇ? ‘ತಾಯಿ ಭುವನೇಶ್ವರಿಯ ಪಾದಾರವಿಂದಗಳಲ್ಲಿ ಅನಂತ ವಂದನೆಗಳನ್ನು ಸಲ್ಲಿಸುತ್ತಾ’ ಎಂದು ಹಿಡಿದು ಒಂದು ಪುಟ ತುಂಬಿಸಿ ಗಿರಿಜಕ್ಕನ ಮುಂದೆ ಹಿಡಿದೆ. ಅವರು ಕನ್ನಡಕ ಏರಿಸಿ ಪೂರ್ತಿ ಓದಿದರು.

‘ಚಲೋ ಐತಪ್ಪ. ಆದರೆ ಯಾವತ್ತು, ಎಷ್ಟು ಹೊತ್ತಿಗೆ, ಎಲ್ಲಿಗೆ ಬರಬೇಕು ಅಂತ ಎಲ್ಲೈತಿ ಇದರಾಗೆ?’

ನೋಡಿದರೆ ಎಲ್ಲಿಯೂ ಇರಲಿಲ್ಲ. ಪಾದಾರವಿಂದ ಇತ್ತು, ವೇಳೆ ಇರಲಿಲ್ಲ. ಆಮೇಲೆ ಅವರೇ ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ನವೆಂಬರ್ ಮೊದಲ ಭಾನುವಾರ ಸಂಜೆ, ದೀಪ ಹಚ್ಚೋ ಹೊತ್ತಿಗೆ, ಶಾಂತಕ್ಕನ ಮನೆ ಮುಂದಿನ ಜಾಗದಲ್ಲಿ. ಒಂದನೇ ತಾರೀಖೇ ಆಗಬೇಕಿಲ್ಲ, ಆವತ್ತು ಮಕ್ಕಳಿಗೆ ಶಾಲೆಯ ಕಾರ್ಯಕ್ರಮ ಇರುತ್ತದೆ, ತಿಂಗಳೆಲ್ಲ ಕನ್ನಡದ್ದೇ. ಹಾಡು ಕನ್ನಡದ್ದಾಗಿರಲಿ, ನಾಡಿಂದೋ ನುಡೀದೋ ನೆಲದ್ದೋ ಆಗಿರಲಿ. ಬೀಸೋ ಪದ ಆದರೂ ಸರಿ, ಸೋಬಾನೆ ಆದರೂ ಸರಿ, ಶಾಲೆಯಲ್ಲಿ ಕಲಿತದ್ದಾದರೂ ಸರಿ. ಒಂದು ಮನೆಗೆ ಒಂದೇ ಹಾಡು. ಯಾವ ಹಾಡು ಅಂತ ಒಂದು ವಾರ ಮೊದಲೇ ಗಿರಿಜಕ್ಕನಿಗೆ ಹೇಳಿ, ಅವರ ಮುಂದೆ ಒಂದು ಸಲ ಹಾಡಬೇಕು. ಒಂದೇ ಹಾಡನ್ನು ಎರಡು ಮನೆಯವರು ಆರಿಸಿಕೊಂಡು ಆಮೇಲೆ ಮುಖ ಉಬ್ಬಿಸಿಕೊಂಡು ಕೂರಬಾರದಲ್ಲ. ಚಿಕ್ಕ ಮಕ್ಕಳದು ಮೊದಲು, ಅವಕ್ಕೆ ನಿದ್ದೆ ಬರುವ ಮುಂಚೆ. ನಡುವೆ ದೊಡ್ಡವರದು. ಕೊನೆಗೆ ಎಲ್ಲರೂ ಕೂಡಿ ಒಂದು ಹಾಡು. ನಾಡಗೀತೆಗೆ ಎಲ್ಲರೂ ಎದ್ದು ನಿಲ್ಲುವುದು, ಮಂಡಿ ನೋವಿನವರು ಕೂತೇ ಹಾಡಬಹುದು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಖರ್ಚು ಓಣಿಯವರದೇ. ಮೈಕಿಗೆ ಠಾಣೆಯಿಂದ ಅನುಮತಿ ತರುವುದು ಶಾಂತಕ್ಕನ ಯಜಮಾನರ ಕೆಲಸ.

ಎಲ್ಲರೂ ಕೂಡಿ ಹಾಡುವ ಹಾಡನ್ನು ಗಿರಿಜಕ್ಕನೇ ಕಟ್ಟಿದರು. ಮನೆಮನೆಗೂ ಹೋಗಿ ‘ನಿಮ್ಮೂರಾಗೆ ಏನು ಬೆಳೀತಾರೆ? ನಿಮ್ಮೂರಿನ ನೆಲ ನೆನೆಸಿಕೊಂಡರೆ ಮೊದಲು ಏನು ನೆನಪಾಗ್ತೈತಿ?’ ಎಂದು ಕೇಳಿದರು. ಒಬ್ಬೊಬ್ಬರ ಊರಿಗೆ ಒಂದೊಂದು ಸಾಲು ಬಂತು.

ಸೊಕ್ಕೆಯ ನೆಲದಾಗ ಮೊಳೆತೈತಿ ಸಜ್ಜೆ,
ಗೋವಿನಕೋವಿ ಗದ್ದ್ಯಾಗ ನೀರಿನ ಹೆಜ್ಜೆ.

ನನ್ನೂರು ಹಾಡಿನೊಳಗೆ ಬಂದಿತ್ತು. ಇಡೀ ದಿನ ಅಂಗಡಿಗೆ ಬಂದವರಿಗೆಲ್ಲ ಅದನ್ನು ತೋರಿಸಿದೆ. ಪಲ್ಲವಿ ಇನ್ನೂ ಸುಲಭ: ‘ಹಲವೂರ ಮಂದಿ ನಾವು, ಒಂದೇ ಓಣಿ, ನಾಲಿಗೆಯ ಮ್ಯಾಲೆ ಕನ್ನಡದ ವಾಣಿ.’ ಅಜ್ಜ ಅಜ್ಜಿಯರ ಕಣ್ಣಿಗೆ ಕಾಣಲೆಂದು ದೊಡ್ಡ ಅಕ್ಷರದಲ್ಲಿ ಜೆರಾಕ್ಸ್ ತೆಗೆದು ಹಂಚಿದೆ.

ಅಭ್ಯಾಸ ನಡೆಯುತ್ತಿದ್ದುದು ಅವರ ಪಡಸಾಲೆಯಲ್ಲಿ, ಸಂಜೆ ಮಕ್ಕಳು ಹೋಂವರ್ಕ್ ಮುಗಿಸಿದ ಮೇಲೆ. ಶ್ರುತಿ ಗೊತ್ತು ಮಾಡುವುದನ್ನು ನಾನು ಮೊದಲು ನೋಡಿದ್ದು ಅಲ್ಲೇ. ಏಳನೇ ಕ್ಲಾಸಿನ ನನ್ನ ಮಗಳು ಚೈತ್ರಳನ್ನು ಒಂದು ಕಡೆ, ರುದ್ರಪ್ಪಜ್ಜನನ್ನು ಇನ್ನೊಂದು ಕಡೆ ಕೂರಿಸಿ, ಹಾರ್ಮೋನಿಯಂನ ಒಂದೊಂದೇ ಕೀ ಒತ್ತಿ ಪಲ್ಲವಿ ಹಾಡಿಸುತ್ತಿದ್ದರು. ಚೈತ್ರಳಿಗೆ ಹಿತವಾದರೆ ಅಜ್ಜನ ಕುತ್ತಿಗೆಯ ನರ ಎದ್ದು ನಿಲ್ಲುತ್ತಿತ್ತು. ಅಜ್ಜನಿಗೆ ಹಿತವಾದರೆ ಚೈತ್ರಳ ದನಿ ಬಾವಿಯೊಳಗೆ ಬಿದ್ದಂತೆ ಆಗುತ್ತಿತ್ತು. ಮೇಲೆ ಕೆಳಗೆ ಜಾರಿಸುತ್ತಾ ಜಾರಿಸುತ್ತಾ ಒಂದು ಕಡೆ ಇಬ್ಬರ ದನಿಯೂ ಕೂಡಿತು. ‘ಇದೇ ನೋಡು. ಇಲ್ಲಿ ಹಿಡಿದರೆ ಓಣಿ ಎಲ್ಲಾ ಹಾಡ್ತೈತಿ’ ಅಂದರು. ಹಾಡು ಶುರುವಾಗುವ ಮುಂಚೆ ಆ ಸ್ವರವನ್ನು ತಾವೇ ಸಣ್ಣಗೆ ಗುನುಗಿ, ಕೈ ಎತ್ತಿ, ಕೈ ಇಳಿಸುತ್ತಿದ್ದರು. ಕೈ ಇಳಿದಾಗ ಎಲ್ಲರೂ ಬಾಯಿ ತೆಗೆಯುವುದು. ಗಂಡಸರಿಗೆ ಪಲ್ಲವಿ ಮಾತ್ರ, ಊರಿನ ಸಾಲುಗಳು ಮಕ್ಕಳಿಗೆ. ರುದ್ರಪ್ಪಜ್ಜನದು ಕೆಳಗಿನ ಶ್ರುತಿಯಲ್ಲಿ ಹಾಡಿದರೆ ಒಳ್ಳೆಯ ದನಿ ಎಂಬುದು ನಮಗೆ ಗೊತ್ತಾದದ್ದೂ ಆಗಲೇ. ಪಾಪ, ಇಷ್ಟು ದಿನ ಅವರನ್ನು ಯಾರೂ ಅವರ ಶ್ರುತಿಯಲ್ಲಿ ಹಾಡಲು ಬಿಟ್ಟಿರಲಿಲ್ಲ.

ಪತ್ರ ಬರೆದು ಮುಗಿಸಿದ ದಿನವೇ ಗಿರಿಜಕ್ಕ ಒಂದು ಮಾತು ಹೇಳಿದ್ದರು. ‘ಹಾಳೆ ಬಾಗಿಲ ಸಂದಿಗೆ ಸಿಗಿಸಿದರೆ ಕರೆದಂಗೆ ಆಗಲ್ಲ. ನಮ್ಮ ಕಡೆ ಹೆಂಗಸರು ಬಂದು ಅರಿಶಿನ ಕುಂಕುಮ ಕೊಟ್ಟರೇನೇ ಕರೆದಂಗೆ. ಬಾವುಟದ ಬಣ್ಣ ಬ್ಯಾರೆ ಅವೇ ಎರಡು. ತಟ್ಟೆ ಹಿಡಕೊಂಡು ಮನೆಮನೆಗೆ ಹೋಗಿ ಕರೀರಿ, ಚೆಂದ ಇರ್ತೈತಿ.’ ಅವರ ಕಣ್ಣ ಮುಂದೆ ಇದ್ದದ್ದು ಬಾವುಟ. ಎಲ್ಲರಿಗೂ ಮಾತು ಹಿಡಿಸಿತು. ನನಗಂತೂ ಹಿಗ್ಗೋ ಹಿಗ್ಗು. ಪತ್ರದ ಕೊನೆಗೆ ‘ಅರಿಶಿನ ಕುಂಕುಮದೊಂದಿಗೆ ತಮ್ಮ ಬಾಗಿಲಿಗೆ ಬಂದು ಕರೆಯುತ್ತೇವೆ’ ಎಂದು ಸೇರಿಸಿ, ಹಳದಿ ಹಾಳೆಯ ಮೇಲೆ ಕೆಂಪು ಅಕ್ಷರದಲ್ಲಿ ತೆಗೆದೆ.

ಇಲ್ಲಿಯ ತನಕ ಓದಿದ ನಿಮಗೆ ಏನಾಗಿರಬಹುದೆಂದು ಹೊಳೆದಿರುತ್ತದೆ. ನಮಗೆ ಹೊಳೆದಿರಲಿಲ್ಲ ನೋಡಿ. ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ, ಹೇಳಿದ ಗಿರಿಜಕ್ಕನಿಗೂ.

ಶನಿವಾರ ಸಂಜೆ ಹೆಂಗಸರು ಕರೆಯಲು ಹೊರಟರು. ಮುಂದೆ ಶಾಂತಕ್ಕ, ಕೈಯಲ್ಲಿ ಬೆಳ್ಳಿ ತಟ್ಟೆ. ಪಕ್ಕದಲ್ಲಿ ನನ್ನ ಪುಷ್ಪ, ಹಿಂದೆ ಒಂದಿಷ್ಟು ಮಂದಿ. ನಾನು ಕಂಬಕ್ಕೆ ಬಣ್ಣದ ತೋರಣ ಕಟ್ಟುತ್ತಾ ಏಣಿಯ ಮೇಲೆ ಇದ್ದೆ. ಮನೆಮನೆಗೂ ನಿಂತು, ಕುಂಕುಮ ಕೊಟ್ಟು, ‘ನಾಳೆ ಸಂಜೆ ಎಲ್ರೂ ಬರ್ರಿ’ ಎಂದು ಕರೆದು, ಅವರು ಕೊಟ್ಟ ಸಕ್ಕರೆ ಬಾಯಿಗೆ ಹಾಕಿಕೊಂಡು ಬರುತ್ತಿದ್ದರು. ಮೂಲೆ ಮನೆಯ ಗೇಟಿನ ಹತ್ತಿರ ಬಂದಾಗ ಗುಂಪು ನಿಂತಿತು. ಗಿರಿಜಕ್ಕನ ಬಾಗಿಲು ತೆರೆದಿತ್ತು, ಹೊಸ್ತಿಲ ಮುಂದೆ ರಂಗೋಲಿ ಇತ್ತು. ಒಂದು ಕ್ಷಣ ತಮ್ಮತಮ್ಮಲ್ಲೇ ಏನೋ ಮಾತಾಡಿಕೊಂಡರು. ಆಮೇಲೆ ಮುಂದಿನ ಮನೆಗೆ ಹೋದರು. ನಾನು ತೋರಣದ ಗಂಟು ಬಿಗಿದೆ.

ಗೇಟಿನ ಮುಂದೆ ಏನು ಮಾತಾಯಿತೆಂದು ಪುಷ್ಪ ಆಮೇಲೆ ಹೇಳಿದಳು. ತಟ್ಟೆಯ ಮೇಲೆ ಕಣ್ಣು ಬಿದ್ದಾಗ ಎಲ್ಲರಿಗೂ ಒಮ್ಮೆಗೇ ಹೊಳೆಯಿತಂತೆ, ಇದನ್ನು ಗಿರಿಜಕ್ಕನ ಮುಂದೆ ಹೆಂಗೆ ಹಿಡಿಯೋದು ಅಂತ. ಕೊಡಬಾರದು ಅಂತ ಯಾರೂ ಹೇಳಲಿಲ್ಲ. ಕೊಟ್ಟರೆ ಅವರ ಮನಸ್ಸಿಗೆ ನೋವಾದೀತು ಅಂತ ಒಬ್ಬರು. ತಟ್ಟೆ ಒಳಗಿಟ್ಟುಕೊಂಡು ಬರೀ ಬಾಯಲ್ಲಿ ಕರೆದರೆ ಇನ್ನೂ ನೋವಾದೀತು ಅಂತ ಇನ್ನೊಬ್ಬರು. ಕೊನೆಗೆ ಶಾಂತಕ್ಕನೇ ಒಂದು ದಾರಿ ಹುಡುಕಿದರು: ‘ಅಕ್ಕನ್ನ ಕರಿಯೋದೇನು? ಕಾರ್ಯಕ್ರಮ ಅವರದೇ ಅಲ್ಲೇನು? ಮನೆ ಮಂದೀನ ಯಾರಾದ್ರೂ ಕರೀತಾರೇನು?’ ಎಲ್ಲರಿಗೂ ಉಸಿರು ಬಂದಂತಾಯಿತು. ಶಾಂತಕ್ಕ ಕೆಟ್ಟವರಲ್ಲ ರೀ, ಗಿರಿಜಕ್ಕನಿಗೆ ಜ್ವರ ಬಂದಾಗ ಗಂಜಿ ಕಾಸಿ ತಂದುಕೊಟ್ಟವರು ಅವರೇ. ಒಳ್ಳೆಯವರೆಲ್ಲ ಸೇರಿ, ನೋಯಿಸಬಾರದು ಅಂತ ಯೋಚನೆ ಮಾಡಿಯೇ ನೋಯಿಸಿದರು.

ಭಾನುವಾರ ಜಮಖಾನ ಹಾಸಿದೆವು, ಭುವನೇಶ್ವರಿಯ ಫೋಟೋಕ್ಕೆ ಸೇವಂತಿಗೆ ಹಾರ ಹಾಕಿದೆವು, ರುದ್ರಪ್ಪಜ್ಜ ಹೊಸ ಟವಲು ಹೆಗಲಿಗೇರಿಸಿಕೊಂಡು ಎಲ್ಲರಿಗಿಂತ ಮುಂಚೆ ಬಂದು ಕೂತರು. ದೀಪ ಹಚ್ಚುವ ಹೊತ್ತಾಯಿತು. ಗಿರಿಜಕ್ಕನನ್ನು ಕರೆದುಕೊಂಡು ಬರಲು ಹೋದ ಚೈತ್ರ ಹಾರ್ಮೋನಿಯಂ ಪೆಟ್ಟಿಗೆ ಎತ್ತಿಕೊಂಡು ಒಬ್ಬಳೇ ಬಂದಳು.

‘ಟೀಚರ್‌ಗೆ ಹುಷಾರಿಲ್ಲಂತೆ. ನೀವೇ ಹಾಡ್ರಿ ಅಂದ್ರು.’

ನಾವು ನಂಬಿದೆವು. ನಂಬುವುದು ಸುಲಭವಾಗಿತ್ತು. ಪುಷ್ಪ ಮಾತ್ರ ನೆಲ ನೋಡುತ್ತಾ ಕೂತಳು.

ಮಕ್ಕಳ ಹಾಡು ಹೇಗೋ ದಾಟಿತು. ಹೆಂಗಸರು ಬೀಸೋ ಪದ ಹಾಡಿದರು. ಕೊನೆಗೆ ಎಲ್ಲರೂ ಕೂಡಿ ಹಾಡುವುದು ಬಂತು. ಹಾರ್ಮೋನಿಯಂ ಇತ್ತು, ಯಾವ ಕೀ ಒತ್ತಬೇಕೆಂದು ಒಬ್ಬರೂ ಗುರುತು ಇಟ್ಟುಕೊಂಡಿರಲಿಲ್ಲ. ಆ ಸ್ವರ ಗಿರಿಜಕ್ಕನ ಕಿವಿಯಲ್ಲಿತ್ತು. ಮೈಕ್ ಮುಂದೆ ನಿಂತ ಚೈತ್ರ ಅಂಜಿಕೆಯಲ್ಲಿ ಎತ್ತರಕ್ಕೆ ಹಿಡಿದುಬಿಟ್ಟಳು. ‘ಹಲವೂರ ಮಂದಿ ನಾವು’ ಅನ್ನುವಷ್ಟರಲ್ಲೇ ಗಂಡಸರೆಲ್ಲ ಬಾಯಿ ಮುಚ್ಚಿದರು. ರುದ್ರಪ್ಪಜ್ಜ ಒಂದು ಸಲ ಮೇಲೆ ಹತ್ತಲು ನೋಡಿ ಕೆಮ್ಮಿದರು. ಮತ್ತೆ ಕೆಳಗಿನಿಂದ ಹಿಡಿಯಲು ಹೋದರು, ಕೂಡಲಿಲ್ಲ. ಜೆರಾಕ್ಸ್ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. ಮಕ್ಕಳಷ್ಟೇ ಹಾಡಿದರು, ದೊಡ್ಡವರು ಫೋನ್ ತೆಗೆದು ಫೋಟೋ ಹಿಡಿದರು. ಗೋವಿನಕೋವಿಯ ಸಾಲು ಬಂದಾಗಲೂ ನಾನು ತಲೆ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಪುಷ್ಪ, ನಾನು ಅವರ ಮನೆಗೆ ಹೋದೆವು. ಹುಷಾರಾಗಿಯೇ ಇದ್ದರು. ಚಹಾ ಮಾಡಿಕೊಟ್ಟರು. ಪುಷ್ಪ ಏನೇನೋ ಸುತ್ತಿ ಬಳಸಿ ಮಾತಾಡಿದಳು. ಗಿರಿಜಕ್ಕ ಕೇಳಿಸಿಕೊಂಡು, ಮೆಲ್ಲಗೆ ಹೇಳಿದರು:

‘ನಾನು ಸಕ್ಕರೆ ಬಟ್ಟಲು ಹಿಡಕೊಂಡು ಬಾಗಿಲ ಹಿಂದೆ ನಿಂತಿದ್ದೆ ಪುಷ್ಪಾ. ನೀವು ಮುಂದಿನ ಮನೆಗೆ ಹೋದಿರಿ. ತಟ್ಟೆ ಹಿಡಕೊಂಡು ಹೋಗ್ರಿ ಅಂದೋಳು ನಾನೇ ಅಲ್ಲೇನು, ನಿಮ್ಮ ಮ್ಯಾಲೆ ಹೆಂಗೆ ಸಿಟ್ಟು ಮಾಡಲಿ?’

‘ನಿಮಗೆ ನೋವಾಗಬಾರದು ಅಂತ...’ ಅಂದಳು ಪುಷ್ಪ.

‘ನಮ್ಮ ಮನೆಯವರು ಹೋದ ಮ್ಯಾಲೆ ಕುಂಕುಮದ ಆಸೆ ನನಗೇನೂ ಉಳಿದಿಲ್ಲ. ಗೇಟಿನಾಗೆ ನಿಂತು ಹೆಸರು ಹಿಡಿದು ಒಂದು ಸಲ ಕೂಗಿದ್ದರೆ ಸಾಕಿತ್ತು. ಕರಿಸಿಕೊಳ್ಳದೆ ಹೋಗಾಕೆ ಕಾಲು ಬರಲಿಲ್ಲವ್ವ.’

ಅಷ್ಟೇ. ಮತ್ತೆ ಅದರ ಬಗ್ಗೆ ಅವರು ಯಾವತ್ತೂ ಮಾತಾಡಲಿಲ್ಲ. ಸಿಕ್ಕಾಗ ನಗುತ್ತಿದ್ದರು, ಚೈತ್ರಳ ಓದು ವಿಚಾರಿಸುತ್ತಿದ್ದರು. ಆದರೆ ಪಡಸಾಲೆಯಲ್ಲಿ ಸಂಜೆ ಹಾಡು ಕೇಳಲಿಲ್ಲ. ಬೇಸಿಗೆ ಮುಗಿಯುವ ಹೊತ್ತಿಗೆ ಜಗಳೂರಿನಲ್ಲಿರುವ ತಂಗಿಯ ಮನೆಗೆ ಹೊರಟರು. ‘ತಂಗಿಗೆ ಮಂಡಿ ಆಪರೇಷನ್ ಆಗೈತಿ, ಜೊತೆಗೆ ಯಾರೂ ಇಲ್ಲ’ ಅಂದರು. ತಂಗಿಗೆ ಆಪರೇಷನ್ ಆಗಿದ್ದು ನಿಜವೇ. ಮನೆಯನ್ನು ಬಾಡಿಗೆಗೆ ಕೊಟ್ಟು ಹೋದದ್ದನ್ನು ಕಂಡಾಗ, ಇವರು ತಿರುಗಿ ಬರುವವರಲ್ಲ ಎಂದು ನಮಗೆ ಗೊತ್ತಾಯಿತು.

ಆಮೇಲಿನ ವರ್ಷಗಳಲ್ಲಿ ನಮ್ಮ ಓಣಿಯ ರಾಜ್ಯೋತ್ಸವ ನಿಂತಿಲ್ಲ. ದೊಡ್ಡ ಸ್ಪೀಕರ್ ಬಂದಿದೆ. ಮೊಬೈಲಿನಿಂದ ಹಾಡು ಹಾಕುತ್ತೇವೆ, ಮಕ್ಕಳು ಕುಣಿಯುತ್ತಾರೆ. ಚಪ್ಪಾಳೆಗೆ ಕೊರತೆಯಿಲ್ಲ. ಹಾಡುವವರು ಮಾತ್ರ ಇಲ್ಲ. ನಿಜ ಹೇಳುತ್ತೇನೆ, ಪ್ರತಿ ವರ್ಷ ಆ ಗದ್ದಲದ ನಡುವೆ ಕೂತಾಗ ನನ್ನ ಕಣ್ಣು ಮೂಲೆ ಮನೆಯ ಗೇಟಿನ ಕಡೆ ಹೋಗುತ್ತದೆ. ನಮ್ಮ ಓಣಿಗೆ ಒಂದು ದನಿ ಬರುವುದರಲ್ಲಿತ್ತು. ಅದನ್ನು ನಾವೇ ಗೇಟಿನ ಹೊರಗೆ ನಿಂತು ಕಳೆದುಕೊಂಡುಬಿಟ್ಟೆವು.

ಶಾಂತಕ್ಕನ ಮೆಸೇಜು ಬಂದ ಸಂಜೆ ಪುಷ್ಪಳಿಗೆ ಹೇಳಿದೆ: ‘ಈ ಸಲ ಬರಿಯೋಕೆ ಮುಂಚೆ ಒಂದು ಮನೆಗೆ ಹೋಗಿ ಬರಾನ.’ ಯಾವ ಮನೆ ಅಂತ ಅವಳು ಕೇಳಲಿಲ್ಲ. ಮರುದಿನ ಅಂಗಡಿ ಮುಚ್ಚಿ, ಹೊನ್ನಾಳಿ ಮೇಲೆ ದಾವಣಗೆರೆಗೆ ಹೋಗಿ, ಅಲ್ಲಿಂದ ಜಗಳೂರಿನ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಪುಷ್ಪ ಚೀಲವನ್ನು ಮಡಿಲಿನಿಂದ ಇಳಿಸಲಿಲ್ಲ. ಒಳಗೆ ಹೂವು, ಹಣ್ಣು, ಒಂದು ಸಣ್ಣ ಡಬ್ಬಿಯಲ್ಲಿ ಅರಿಶಿನ ಕುಂಕುಮ. ‘ಯಾರು ಏನಾದರೂ ಅಂದುಕೊಳ್ಳಲಿ, ನಾನು ಕೊಡಾಕೇ ಸೈ’ ಅಂದಳು.

ಗಿರಿಜಕ್ಕ ಬಾಗಿಲಿಗೆ ಬಂದವರು ಒಂದು ಗಳಿಗೆ ಗುರುತು ಹಿಡಿಯದೆ ನೋಡಿದರು, ಆಮೇಲೆ ಪುಷ್ಪಳ ಎರಡೂ ಕೈ ಹಿಡಿದುಕೊಂಡರು. ಸೊರಗಿದ್ದರು, ದನಿ ಹಾಗೇ ಇತ್ತು. ಪುಷ್ಪ ಹೊಸ್ತಿಲ ಮೇಲೆಯೇ ಡಬ್ಬಿ ತೆಗೆದು ಮುಂದೆ ಹಿಡಿದಳು. ಗಿರಿಜಕ್ಕ ‘ತಾ ಇಲ್ಲಿ’ ಎಂದು ಹೂವಿನ ಜೊತೆಗೇ ತೆಗೆದುಕೊಂಡು ದೇವರ ಮುಂದೆ ಇಟ್ಟು ಬಂದರು. ಆಗಿದ್ದು ಇಷ್ಟೇ. ಇಷ್ಟು ಸಣ್ಣ ಕೆಲಸ ಅದು.

‘ಈ ಸಲ ನೀವು ಬರಬೇಕು ಅಕ್ಕ. ಮೊದಲ ಭಾನುವಾರ. ಹಿಂದಿನ ದಿನವೇ ಬಂದು ನಾನೇ ಕರಕೊಂಡು ಹೋಗ್ತೀನಿ’ ಅಂದೆ.

ಗಿರಿಜಕ್ಕ ಒಳಗಿನ ಕೋಣೆಯ ಕಡೆ ನೋಡಿದರು. ಅಲ್ಲಿಂದ ಹಾಡು ಕಲಿಯಲು ಬಂದ ಮಕ್ಕಳ ಮಾತು, ಹಾರ್ಮೋನಿಯಂನ ಒಂದೇ ಸ್ವರ ಕೇಳುತ್ತಿತ್ತು.

‘ಅವತ್ತೇ ಇಲ್ಲೂ ಐತಪ್ಪ. ಇಲ್ಲಿ ಓಣಿಯೋರು ಮೊದಲೇ ಕರದಾರೆ.’

‘ಹೆಂಗೆ ಕರೆದ್ರು?’ ಪುಷ್ಪ ಕೇಳಿದಳು. ಯಾಕೆ ಕೇಳಿದಳೋ, ಬಾಯಿಂದ ಬಂದುಬಿಟ್ಟಿತು.

‘ಹೆಂಗೆ ಅಂದ್ರೆ? ಹೊರಗೆ ನಿಂತು, ಗಿರಿಜಕ್ಕಾ ಬಾ, ನೀನಿಲ್ದೆ ಹಾಡು ಏಳಂಗಿಲ್ಲ ಅಂದರು. ನಾನು ಹೂಂ ಅಂದೆ.’

ನಾನು ಬೇಕಾದರೆ ನಮ್ಮ ದಿನ ಬದಲಿಸೋಣ ಅಂದೆ. ಅವರು ಬೇಡ ಅನ್ನುವಂತೆ ಕೈ ಆಡಿಸಿದರು. ‘ಅಷ್ಟು ದೂರ ಬಸ್ಸಿನಾಗೆ ಕೂರಾಕೆ ಆಗಲ್ಲಪ್ಪ ಈಗ. ಆಗ ಮೂಲೆ ಮನೆಯಿಂದ ನಾಲ್ಕು ಹೆಜ್ಜೆ ಇತ್ತು’ ಅಂದರು. ಚುಚ್ಚಿ ಆಡಿದ ಮಾತಲ್ಲ ಅದು. ಬರುವಾಗ ಪುಷ್ಪಳ ಕೈಗೆ ಬಟ್ಟಲಿನಿಂದ ಸಕ್ಕರೆ ಹಾಕಿದರು.

ಈ ಸಲದ ಪತ್ರ ಬರೆದಾಗಿದೆ. ದಿನ, ವೇಳೆ, ಜಾಗ, ಅಷ್ಟೇ ಇದೆ. ಅದನ್ನು ಯಾರ ಬಾಗಿಲಿಗೂ ಸಿಗಿಸಿಲ್ಲ. ಪುಷ್ಪ, ನಾನು, ಶಾಂತಕ್ಕ ಮೂವರೂ ಬರಿಗೈಯಲ್ಲಿ ಮನೆಮನೆಗೆ ಹೋಗಿ, ಮನೆಯಲ್ಲಿರುವ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯುತ್ತಿದ್ದೇವೆ. ಇವತ್ತು ರುದ್ರಪ್ಪಜ್ಜನ ಬಾಗಿಲಿಗೆ ಹೋದೆವು. ಅಜ್ಜನಿಗೆ ಈಗ ಕಣ್ಣು ಮಂಜು, ಕಿವಿ ಚುರುಕು.

‘ಗಿರಿಜಮ್ಮ ಬರ್ತಾಳೇನು?’

‘ಇಲ್ಲ ಅಜ್ಜ. ಅವರನ್ನ ಬ್ಯಾರೆ ಊರೋರು ಕರದಾರೆ.’

‘ಯಾಕೆ, ನೀವು ಕರೀಲಿಲ್ಲೇನು?’

ಶಾಂತಕ್ಕ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಆ ಕಡೆ ತಿರುಗಿದರು. ಉತ್ತರ ನಾನೇ ಹೇಳಬೇಕಾಯಿತು.

‘ಕರದ್ವಿ ಅಜ್ಜ. ಮೊನ್ನೆ ಹೋಗಿ ಕರದ್ವಿ.’